ಎಸ್‌ಡಿ ಕಾಲಂನಲ್ಲಿ ಕೂತ ಎಸ್‌ಇ

ಮೆಟಾ ಅನಾಲಿಸಿಸ್ ಮಾಡಿದವರನ್ನು ಕೇಳಿ ನೋಡಿ, ಸೂತ್ರ ಕಷ್ಟ ಎಂದು ಯಾರೂ ಹೇಳುವುದಿಲ್ಲ. ಹಳೆಯ ಪ್ರಬಂಧಗಳ ಗ್ರಾಫ್‌ಗಳನ್ನು ಬೈಯುತ್ತಾರೆ. ಹೆಚ್ಚಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಮರದ ಸಸಿಗಳು ಎಷ್ಟು ಹೆಚ್ಚು ಬೆಳೆಯುತ್ತವೆ ಎಂಬ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸುತ್ತಿದ್ದ ಪಿಎಚ್‌ಡಿ ಸಂಶೋಧಕಿಯೊಬ್ಬರು ಇಂದಿಗೂ ಬೈಯುತ್ತಲೇ ಇದ್ದಾರೆ. ಅವರ ಸಿಟ್ಟಿನಲ್ಲಿ ಅರ್ಧ ಪಾಲು ತಮ್ಮ ಗೈಡ್‌ಗೂ ಸಲ್ಲುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಅವರು ಕೈ ಪಳಗಿಸಿಕೊಂಡದ್ದು ಕರ್ಟಿಸ್ ಮತ್ತು ವಾಂಗ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ದತ್ತಾಂಶದ ಮೇಲೆ. ಮರುವರ್ಷ ಹೆಜಸ್, ಗುರೆವಿಚ್ ಮತ್ತು ಕರ್ಟಿಸ್ ‘ಇಕಾಲಜಿ’ ಪತ್ರಿಕೆಯಲ್ಲಿ ಲಾಗ್ ರೆಸ್ಪಾನ್ಸ್ ರೇಷಿಯೊದ ಲೆಕ್ಕವನ್ನು ಬಿಡಿಸಿಟ್ಟಾಗ ಉದಾಹರಣೆಗೆ ಬಳಸಿದ್ದೂ ಇದೇ ಬಗೆಯ ಅಂಕಿಗಳನ್ನು. ಆರ್ ಭಾಷೆಯ ಮೆಟಾಫಾರ್ ಪ್ಯಾಕೇಜ್ ಹಾಕಿಕೊಂಡವರಿಗೆ ಆ 102 ಸಾಲುಗಳು ಈಗ ಪುಕ್ಕಟೆ ಸಿಗುತ್ತವೆ.

ಮೊದಲ ಸಾಲು ರೆಡ್ ಆಲ್ಡರ್ ಎಂಬ ಮರದ್ದು. ಹೆಚ್ಚಿನ ಅನಿಲದಲ್ಲಿ ಬೆಳೆದ 3 ಸಸಿಗಳ ಸರಾಸರಿ ತೂಕ 6.82, ಮಾಮೂಲಿ ಗಾಳಿಯಲ್ಲಿ ಬೆಳೆದ 5 ಸಸಿಗಳದ್ದು 3.95. ಒಂದನ್ನು ಇನ್ನೊಂದರಿಂದ ಭಾಗಿಸಿ ಲಾಗ್ ತೆಗೆದರೆ 0.547, ಅಂದರೆ ಶೇ 73ರಷ್ಟು ಹೆಚ್ಚಳ. ಲಾಗ್ ಯಾಕೆ ಬೇಕು? ಬೆಳವಣಿಗೆ ಇಮ್ಮಡಿಯಾದರೆ ಅನುಪಾತ 2, ಅರ್ಧಕ್ಕಿಳಿದರೆ 0.5. ಇವೆರಡರ ಸರಾಸರಿ 1.25 ಬಂದು, ಇಲ್ಲದ ಹೆಚ್ಚಳ ಇದ್ದಂತೆ ಕಾಣುತ್ತದೆ. ಲಾಗ್‌ನಲ್ಲಿ ಅವು +0.69 ಮತ್ತು −0.69 ಆಗಿ ಒಂದನ್ನೊಂದು ಸರಿದೂಗಿಸುತ್ತವೆ.

ಎರಡನೆಯ ಸಾಲೂ ಆಲ್ಡರ್‌ನದ್ದೇ, ಅದೇ ಪ್ರಬಂಧದ್ದೇ. ಅಲ್ಲಿ ಬಂದದ್ದು ಬರೀ 0.1425, ಅಂದರೆ ಶೇ 15. ಒಂದೇ ಮರ ಶೇ 73 ಎನ್ನುತ್ತದೆ, ಶೇ 15 ಎಂದೂ ಎನ್ನುತ್ತದೆ. ಯಾವುದರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ತೂಕದ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಬೇಕಾದ್ದು ವೇರಿಯನ್ಸ್:

```
v = SD1²/(n1·M1²) + SD2²/(n2·M2²)
w = 1/v
```

ಮೊದಲ ಸಾಲಿನ ಎಸ್‌ಡಿಗಳು 1.77 ಮತ್ತು 1.12. ಲೆಕ್ಕ ಹಾಕಿದರೆ v 0.0385, ತೂಕ 26. ಎರಡನೆಯದರಲ್ಲಿ ಎರಡೂ ಕಡೆ ಐದೈದು ಸಸಿಗಳಿವೆ, ಏರುಪೇರೂ ಕಡಿಮೆ, v 0.0175, ತೂಕ 57. ತೂಕವಿಲ್ಲದೆ ಸರಾಸರಿ ತೆಗೆದರೆ ಶೇ 41 ಹೆಚ್ಚಳ ಬರುತ್ತದೆ. ತೂಕ ಸೇರಿಸಿದರೆ ಶೇ 31.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ತಮ್ಮದೇ ದತ್ತಾಂಶಕ್ಕೆ ಬಂದಾಗ ಕತೆ ಬೇರೆಯಾಯಿತು. ಹಳೆಯ ಪ್ರಬಂಧಗಳಲ್ಲಿ ಅಂಕಿಗಳು ಕೋಷ್ಟಕದಲ್ಲಿ ಇರುವುದಿಲ್ಲ, ಕಂಬಗಳ ಚಿತ್ರದಲ್ಲಿರುತ್ತವೆ. ಕಂಬದ ತುದಿಗೊಂದು ಗೆರೆ. ಆ ಗೆರೆ ಎಸ್‌ಡಿಯೋ ಸ್ಟ್ಯಾಂಡರ್ಡ್ ಎರರೋ ಎಂದು ಚಿತ್ರದ ಕೆಳಗೆ ಬರೆಯದ ಮಹನೀಯರು ಕಡಿಮೆಯೇನಿಲ್ಲ. ಅಂಥ ಚಿತ್ರಗಳಿಂದ ಅಂಕಿ ಎತ್ತುವ ಕೆಲಸವನ್ನು ಗೈಡ್ ಸಾಹೇಬರು ಲ್ಯಾಬಿಗೆ ಹೊಸದಾಗಿ ಬಂದ ಹುಡುಗನಿಗೆ ಒಪ್ಪಿಸಿದರು. ಸಂಶೋಧಕಿ ತಾನೇ ಮಾಡುತ್ತೇನೆ ಎಂದರೂ ಕೇಳಲಿಲ್ಲ. ‘ಅದು ಗುಮಾಸ್ತರ ಕೆಲಸ, ನೀವು ಮಾಡೆಲ್ ನೋಡಿಕೊಳ್ಳಿ’ ಎಂದುಬಿಟ್ಟರು. ಹುಡುಗ ಗೆರೆಯ ಉದ್ದವನ್ನೆಲ್ಲ ನಿಷ್ಠೆಯಿಂದ ಅಳೆದು ಎಸ್‌ಡಿ ಕಾಲಂನಲ್ಲಿ ತುಂಬಿದ.

ಪ್ರಬಂಧ ಪತ್ರಿಕೆಗೆ ಹೋಗುವ ಹಿಂದಿನ ಸಂಜೆ ಸಂಶೋಧಕಿ ಯಾಕೋ ತೂಕದ ಕಾಲಂ ಅನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿದರು. ಮೇಲ್ತುದಿಯಲ್ಲಿ ಕೂತಿದ್ದುದು ಕುಂಡದಲ್ಲಿ ನಾಲ್ಕೈದು ಸಸಿ ಬೆಳೆಸಿದ ಪುಟ್ಟ ಪ್ರಯೋಗ. ವರ್ಷಗಟ್ಟಲೆ ನಡೆದ ದೊಡ್ಡ ಪ್ರಯೋಗಗಳು ಅದರ ಕೆಳಗೆ. ಎದೆ ಧಸಕ್ಕೆಂದಿತು. ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ ನೋಡಿದರೆ ಆ ಪುಟ್ಟ ಪ್ರಯೋಗದಲ್ಲಿ ಸಸಿಯಿಂದ ಸಸಿಗೆ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಸಣ್ಣ ಅಂಕಿ. ಜೀವ ಇರುವ ಸಸಿಗಳು ಹಾಗೆ ಅಚ್ಚು ಹೊಡೆದಂತೆ ಬೆಳೆಯುವುದಿಲ್ಲ; ಆಲ್ಡರ್‌ನ ಮೊದಲ ಸಾಲಿನಲ್ಲೇ ಆ ಅನುಪಾತ ಶೇ 26–28 ಇದೆ. ಮೂಲ ಪ್ರಬಂಧ ತೆಗೆದು ಹುಡುಕಿದರೆ ವಿಧಾನದ ಭಾಗದ ಒಂದು ಮೂಲೆಯಲ್ಲಿ ಅಡಗಿತ್ತು: ಚಿತ್ರಗಳಲ್ಲಿನ ಗೆರೆಗಳು ಎಸ್‌ಇ. ಆಮೇಲೆ ಅಂಥದೇ ಇನ್ನೊಂದು, ಮತ್ತೊಂದು. ಗೈಡ್‌ಗೆ ಫೋನ್ ಮಾಡಿದಾಗ ಅವರು ಅಂದದ್ದು: ‘ಸರಾಸರಿಗಳು ಸರಿ ಇವೆಯಲ್ಲಮ್ಮ, ಉತ್ತರ ಎಷ್ಟು ತಾನೇ ಬದಲಾದೀತು?’

ಎಷ್ಟು ಬದಲಾಗುತ್ತದೆ ಎಂಬುದನ್ನು ಆಲ್ಡರ್‌ನಲ್ಲೇ ನೋಡಬಹುದು. ಎಸ್‌ಡಿಯನ್ನು ಸಸಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಎಸ್‌ಇ. ಮೊದಲ ಸಾಲಿನಲ್ಲಿ ಅವು 1.02 ಮತ್ತು 0.50. ಇವನ್ನೇ ಎಸ್‌ಡಿ ಎಂದು ತಿಳಿದು ಸೂತ್ರಕ್ಕೆ ಹಾಕಿದರೆ v 0.0107ಕ್ಕೆ ಇಳಿಯುತ್ತದೆ, ತೂಕ 26ರಿಂದ 93ಕ್ಕೆ ನೆಗೆಯುತ್ತದೆ. ಎರಡು ಸಾಲುಗಳ ಒಟ್ಟು ಉತ್ತರ ಶೇ 31 ಇದ್ದದ್ದು ಶೇ 48 ಆಗುತ್ತದೆ. ಒಂದು ಸರಾಸರಿಯನ್ನೂ ಮುಟ್ಟಿಲ್ಲ ಎಂಬುದನ್ನು ಗಮನಿಸಿ.

ಪ್ರಬಂಧದಲ್ಲಿ ಏನೂ ಹೇಳಿರದಿದ್ದರೆ? ಟಿ ಪರೀಕ್ಷೆಯ ಬೆಲೆ ಕೊಟ್ಟಿದ್ದಾರೆಯೇ ನೋಡಬೇಕು. ಸರಾಸರಿಗಳ ವ್ಯತ್ಯಾಸವನ್ನು, ಎರಡು ಎಸ್‌ಇಗಳ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಬೇಕು. ಆಲ್ಡರ್‌ನ 1.02 ಮತ್ತು 0.50ರ ಗೆರೆಗಳು ಎಸ್‌ಇ ಆಗಿದ್ದರೆ 2.5 ಬರುತ್ತದೆ, ಎಸ್‌ಡಿ ಎಂದುಕೊಂಡರೆ 4.5ರ ಆಸುಪಾಸು. ಪ್ರಬಂಧದ ಬೆಲೆ ಯಾವುದಕ್ಕೆ ಹತ್ತಿರವೋ ಅದು ಸತ್ಯಕ್ಕೂ ಹತ್ತಿರ. ಅದೂ ಇಲ್ಲವೆಂದರೆ ಲೇಖಕರಿಗೆ ಪತ್ರ. ಉತ್ತರ ಬಾರದಿದ್ದರೆ ಆ ಸಾಲನ್ನು ಸೇರಿಸಿಯೂ ಬಿಟ್ಟೂ ಲೆಕ್ಕ ಮಾಡಿ ಎರಡನ್ನೂ ವರದಿ ಮಾಡಬೇಕು. ಸಂಶೋಧಕಿ ಹೇಳುವ ಕಿವಿಮಾತು ಇಷ್ಟೇ.

ಗೈಡ್ ಪರವಾಗಿ ಒಂದು ಮಾತು ಹೇಳಲೇಬೇಕು. ರ‍್ಯಾಂಡಮ್ ಎಫೆಕ್ಟ್ಸ್ ಮಾಡೆಲ್‌ನಲ್ಲಿ ಇಂಥ ಎಡವಟ್ಟಿನ ಏಟು ಕಡಿಮೆ. ಪ್ರಯೋಗದಿಂದ ಪ್ರಯೋಗಕ್ಕೆ ಪರಿಣಾಮವೇ ಬೇರೆಯಾಗಿರುತ್ತದೆ ಎಂದು ಒಪ್ಪಿಕೊಳ್ಳುವ ಆ ಮಾಡೆಲ್ ಪ್ರತಿ v ಜೊತೆಗೂ ಟೌ ವರ್ಗ ಎಂಬ ಇನ್ನೊಂದು ಅಂಕಿಯನ್ನು ಕೂಡಿಸುತ್ತದೆ.

```r
library(metafor)
dat <- escalc(measure="ROM", m1i=m1i, sd1i=sd1i,
  n1i=n1i, m2i=m2i, sd2i=sd2i, n2i=n2i,
  data=dat.curtis1998)
rma(yi, vi, data=dat)
```

ಕರ್ಟಿಸ್ ದತ್ತಾಂಶದಲ್ಲಿ ಟೌ ವರ್ಗ 0.026. ಅದನ್ನು ಕೂಡಿಸಿದ ಮೇಲೆ ಆಲ್ಡರ್‌ನ ಮೊದಲ ಸಾಲಿನ ಸರಿಯಾದ ತೂಕ 15, ತಪ್ಪಾದದ್ದು 27. ಮೂರೂವರೆ ಪಟ್ಟು ಇದ್ದ ಅನ್ಯಾಯ ಎರಡು ಪಟ್ಟಿಗಿಂತ ಕೆಳಗಿಳಿಯಿತು, ಅಳಿಸಿಹೋಗಲಿಲ್ಲ. ಈ ಮಾಡೆಲ್‌ನ ಆಯ್ಕೆಯೂ ಸಣ್ಣದಲ್ಲ: 102 ಸಾಲುಗಳ ಉತ್ತರ ಬರೀ 1/v ತೂಕದಲ್ಲಿ ಶೇ 23, ಟೌ ಸೇರಿಸಿದಾಗ ಶೇ 29.

ಕೊನೆಗೆ ಸಂಶೋಧಕಿ ಎಲ್ಲ ಚಿತ್ರಗಳನ್ನೂ ತಾವೇ ಮತ್ತೆ ಅಳೆದರು, ಪ್ರಬಂಧ ತಡವಾಗಿ ಹೋಯಿತು. ಹುಡುಗನ ಮೇಲೆ ಅವರಿಗೆ ಕೋಪವಿಲ್ಲ. ಅಳತೆ ಗುಮಾಸ್ತರ ಕೆಲಸ ಎಂದವರ ಮೇಲೆ ಇದೆ, ಅದು ನ್ಯಾಯವೂ ಹೌದು. ಇನ್ನು ಪ್ರಯೋಗ ಮಾಡಿ ಪ್ರಬಂಧ ಬರೆಯುವವರಲ್ಲಿ ಒಂದು ವಿನಂತಿ: ಚಿತ್ರದ ಕೆಳಗೆ ಗೆರೆ ಎಸ್‌ಡಿಯೋ ಎಸ್‌ಇಯೋ, ಪ್ರತಿ ಗುಂಪಿನಲ್ಲಿ ಸಸಿಗಳು ಎಷ್ಟು ಎಂದು ಒಂದು ಸಾಲು ಬರೆಯಿರಿ, ಆಗದಿದ್ದರೆ ಅಂಕಿಗಳ ಕೋಷ್ಟಕವನ್ನಾದರೂ ಜೊತೆಗೆ ಕೊಡಿ.