ಆಟದ ಮೈದಾನದಲ್ಲಿ ಪ್ರಥಮ ಚಿಕಿತ್ಸೆ: ಉಳುಕು, ಸ್ನಾಯು ಸೆಳೆತ ಹಾಗೂ ಮೂಗಿನ ರಕ್ತಸ್ರಾವ

ಶಾಲಾ ಕ್ರೀಡಾಕೂಟದ ಖೋ-ಖೋ ಪಂದ್ಯದಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು ಕಂಬವನ್ನು ಸುತ್ತುವಾಗ ಪಾದ ಒಳಮಗ್ಗುಲಿಗೆ ಹೊರಳಿ ಬೀಳುತ್ತಾಳೆಂದು ಭಾವಿಸೋಣ. ಸುತ್ತ ನೆರೆದವರು ಎಣ್ಣೆ ಹಚ್ಚಿ ನೀವಲು, ಕಾಲನ್ನು ಎಳೆದು ಸರಿಪಡಿಸಲು ಮುಂದಾಗುವುದು ಸಾಮಾನ್ಯ. ಉಳುಕು ಎಂದರೆ ಮೂಳೆಗಳನ್ನು ಬಿಗಿದಿಡುವ ನಾರುಗಳು ಹಿಗ್ಗಿ ಅಥವಾ ಹರಿದಿರುವುದು. ನೀವಿದರೆ ಒಳಗಿನ ರಕ್ತಸ್ರಾವವೂ ಬಾವೂ ಹೆಚ್ಚುತ್ತವೆ.

ದೈಹಿಕ ಶಿಕ್ಷಣ ಶಿಕ್ಷಕರು ಮೊದಲು ಪರೀಕ್ಷಿಸಬೇಕಾದದ್ದು ಎರಡು ಅಂಶಗಳನ್ನು. ಹರಡಿನ ಎರಡೂ ಬದಿಯ ಗುಬ್ಬಿ ಮೂಳೆಗಳ ಹಿಂಬದಿಯನ್ನೂ ತುದಿಯನ್ನೂ ಒತ್ತಿದಾಗ ಮೂಳೆಯ ಮೇಲೆಯೇ ನೋವಾಗುವುದೇ? ಬಾಲಕಿ ನಾಲ್ಕು ಹೆಜ್ಜೆ ನಡೆಯಬಲ್ಲಳೇ? ಮೂಳೆಯ ಮೇಲೆ ನೋವಿದ್ದರೆ ಅಥವಾ ನಡೆಯಲಾಗದಿದ್ದರೆ ಮೂಳೆ ಮುರಿದಿರಬಹುದು. ಆಗ ಕಾಲನ್ನು ಅಲುಗಾಡದಂತೆ ಇರಿಸಿ ಎಕ್ಸ್‌-ರೇ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಪಾದ ವಕ್ರವಾಗಿ ಕಂಡರೆ ನಡೆಸಿ ನೋಡಲೇಬಾರದು.

ಈ ಲಕ್ಷಣಗಳಿಲ್ಲದಿದ್ದರೆ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಅನಂತರ ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಿ, ಕಾಲನ್ನು ಎತ್ತರದಲ್ಲಿರಿಸಬೇಕು. ಬೆರಳುಗಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆಯೆಂದು ತಿಳಿದು ಸಡಿಲಿಸಬೇಕು. ಅಂದು ಆಕೆಯನ್ನು ಮತ್ತೆ ಆಡಿಸಬಾರದು.

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸುವ ರೂಢಿಯಿದೆ. ಇದರಿಂದ ರಕ್ತ ನಿಲ್ಲುವುದಿಲ್ಲ, ಗಂಟಲಿಗಿಳಿದು ವಾಂತಿಯಾಗಬಹುದು. ಮಗುವನ್ನು ಕುಳ್ಳಿರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೂಳೆಯ ಕೆಳಗಿರುವ ಮೃದುಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಿಗಿಯಾಗಿ ಹಿಡಿಯಬೇಕು. ಬಾಯಿಯಿಂದ ಉಸಿರಾಡಲು ಹೇಳಬೇಕು. ಗಡಿಯಾರ ನೋಡಿಕೊಂಡು ಪೂರ್ಣ 10 ನಿಮಿಷ ಹಿಡಿದಿರಬೇಕು. ನಿಂತಿತೇ ಎಂದು ನಡುವೆ ಬಿಟ್ಟು ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಕಳಚಿ ಮತ್ತೆ ಹರಿಯುತ್ತದೆ. ನಿಲ್ಲದಿದ್ದರೆ ಇನ್ನೂ 10 ನಿಮಿಷ ಹಿಡಿಯಬೇಕು. ಆಗಲೂ ನಿಲ್ಲದಿದ್ದರೆ, ಅಥವಾ ತಲೆಗೆ ಪೆಟ್ಟು ಬಿದ್ದು ರಕ್ತ ಬಂದಿದ್ದರೆ, 108ಕ್ಕೆ ಕರೆ ಮಾಡತಕ್ಕದ್ದು.

ಮೀನಖಂಡದ ಸೆಳೆತಕ್ಕೆ ಮೊಣಕಾಲನ್ನು ನೇರವಾಗಿಸಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಬಾಗಿಸಿ, 20ರಿಂದ 30 ಸೆಕೆಂಡು ಹಿಡಿದರೆ ಸಾಮಾನ್ಯವಾಗಿ ಸ್ನಾಯು ಸಡಿಲಗೊಳ್ಳುತ್ತದೆ. ಜಗ್ಗಿ ಎಳೆಯಬಾರದು. ಬಳಿಕ ನೆರಳಿನಲ್ಲಿ ಕೂರಿಸಿ ನೀರು ಅಥವಾ ಓ.ಆರ್.ಎಸ್. ದ್ರಾವಣ ಕೊಡಬೇಕು. ಬಿಸಿಲಿನಲ್ಲಿ ಆಡಿದ ಮಗು ಮೈ ಸುಡುತ್ತಾ ತಡವರಿಸಿ ಮಾತನಾಡಿದರೆ ಅದು ಕೇವಲ ಸೆಳೆತವಲ್ಲ, ಶಾಖಾಘಾತದ ಲಕ್ಷಣ. ಮೈಗೆ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕು.

ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕ್ರೀಡಾಕೂಟ ನಡೆಯುವ ಮುನ್ನ ಎರಡು ಕ್ರೇಪ್ ಬ್ಯಾಂಡೇಜ್, ಥರ್ಮಾಸ್‌ನಲ್ಲಿ ಮಂಜುಗಡ್ಡೆ, ಶುಭ್ರ ಬಟ್ಟೆ, ಓ.ಆರ್.ಎಸ್. ಪೊಟ್ಟಣಗಳು, ಕುಡಿಯುವ ನೀರು ಹಾಗೂ ನೆರಳಿನ ವ್ಯವಸ್ಥೆ ಮೈದಾನದಲ್ಲಿಯೇ ಇರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳುವುದು.