‘ಸ್ವಲ್ಪ ಎದೆನೋವು, ಕ್ಷಮಿಸಿ ಸಾರ್!’

ಎದೆನೋವು ಬಂದ ಮನುಷ್ಯ ಅದನ್ನು ಹೇಳುವ ಮೊದಲು ಕ್ಷಮೆ ಕೇಳುತ್ತಾನೆಯೇ? ಕೇಳುತ್ತಾನೆ. ಪೀಣ್ಯದ ಯಂತ್ರಾಗಾರಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಮೇಲಿನವರಿಗೆ ಕಾಯಿಲೆಯ ವಿಷಯ ತಿಳಿಸುವವರ ಮಾತನ್ನು ಗಮನಿಸಿ ನೋಡಿ. ‘ತೊಂದರೆ ಕೊಡ್ತಿದ್ದೀನಿ’, ‘ಏನೂ ಇಲ್ಲ, ಸ್ವಲ್ಪ’, ‘ಒಂಥರಾ’, ‘ಇರಬಹುದೇನೋ’ ಎಂಬ ಮಾತುಗಳು ಮೊದಲು ಬರುತ್ತವೆ. ಕಾಯಿಲೆ ಕೊನೆಗೆ ಬರುತ್ತದೆ. ಕೇಳುವವನಿಗೆ ಅಷ್ಟರಲ್ಲಿ ಇದು ಅವಸರದ ವಿಷಯವಲ್ಲ ಎಂಬ ತೀರ್ಮಾನ ಆಗಿಹೋಗಿರುತ್ತದೆ.

ಹೀಗೆ ಮಾತನಾಡುವುದು ದಡ್ಡತನವಲ್ಲ. ಗುತ್ತಿಗೆ ಕೆಲಸಗಾರನಿಗೆ ಅರ್ಧ ದಿನದ ಕೂಲಿ ಹೋಗುವ ಭಯ, ಹೊಸದಾಗಿ ಸೇರಿದ ಹುಡುಗಿಗೆ ‘ಸೋಮಾರಿ’ ಎನ್ನಿಸಿಕೊಳ್ಳುವ ಅಳುಕು. ದೊಡ್ಡವರ ಮುಂದೆ ತಗ್ಗಿ ಮಾತನಾಡುವುದು ನಮ್ಮ ಮನೆಗಳಲ್ಲಿ ಕಲಿಸುವ ಪಾಠವೂ ಹೌದು. ಆದರೆ ಆರೋಗ್ಯದ ವಿಷಯದಲ್ಲಿ ಈ ವಿನಯ ಸಂದೇಶದ ಅರ್ಥವನ್ನೇ ಬದಲಾಯಿಸಿಬಿಡುತ್ತದೆ. ಅದು ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ.

ಒಂದು ಸಂದೇಶ

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಎಂದುಕೊಳ್ಳಿ. ರಾತ್ರಿ ಪಾಳಿ. ಲೇತ್ ಯಂತ್ರದ ಮುಂದೆ 48 ವರ್ಷದ ಕೆಲಸಗಾರ. 1.15ಕ್ಕೆ ಎದೆಯ ನಡುವೆ ಬಿಗಿದಂತಾಗಿ ನೋವು ಶುರುವಾಗುತ್ತದೆ, ಎಡತೋಳಿಗೂ ಹರಡುತ್ತದೆ, ಮೈಯೆಲ್ಲ ಬೆವರು. 20 ನಿಮಿಷ ತಡೆದುಕೊಂಡು, ಇನ್ನೊಂದು ಕಟ್ಟಡದಲ್ಲಿರುವ ಸೂಪರ್‌ವೈಸರ್‌ಗೆ ಮೊಬೈಲಿನಲ್ಲಿ ಹೀಗೆ ಕಳಿಸುತ್ತಾನೆ:

‘ಸಾರ್ ನಮಸ್ತೆ, ಈ ಹೊತ್ತಲ್ಲಿ ತೊಂದರೆ ಕೊಡ್ತಿದ್ದೀನಿ, ದಯವಿಟ್ಟು ಕ್ಷಮಿಸಿ. ದೊಡ್ಡ ವಿಷಯ ಏನಲ್ಲ ಸಾರ್. ಎದೆ ಹತ್ರ ಸ್ವಲ್ಪ ಒಂಥರಾ ಆಗ್ತಾ ಇದೆ, ಗ್ಯಾಸ್ ಇರಬಹುದೇನೋ ಅನ್ಸುತ್ತೆ. ನಿಮಗೆ ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಬೇಗ ಬಿಡೋಕೆ ಆಗುತ್ತಾ? ಆಗದಿದ್ರೂ ಪರವಾಗಿಲ್ಲ. ತಪ್ಪು ತಿಳ್ಕೋಬೇಡಿ ಸಾರ್.’

ಸೂಪರ್‌ವೈಸರ್ ಕೆಟ್ಟವನಲ್ಲ. ‘ಮಜ್ಜಿಗೆ ಕುಡಿದು ಸ್ವಲ್ಪ ಕೂತ್ಕೊಳ್ಳಿ, ಪಾಳಿ ಮುಗಿಸಿ ಹೋಗೋರಂತೆ’ ಎಂದು ಉತ್ತರಿಸುತ್ತಾನೆ. ತನಗೆ ತಲುಪಿದ ಸಂದೇಶಕ್ಕೆ ಸರಿಯಾದ ಉತ್ತರವೇ ಅದು. ದೊಡ್ಡ ವಿಷಯವಲ್ಲ, ಗ್ಯಾಸು, ಬಿಡದಿದ್ದರೂ ಪರವಾಗಿಲ್ಲ ಎಂದು ಬರೆದವನು ಕೆಲಸಗಾರನೇ. ತೋಳಿನ ನೋವು, ಬೆವರು, 20 ನಿಮಿಷ, ಈ ಮೂರರಲ್ಲಿ ಒಂದೂ ಸಂದೇಶದಲ್ಲಿಲ್ಲ. ಕ್ಷಮೆಯ ಮಾತುಗಳೇ ಜಾಗವನ್ನೆಲ್ಲ ತುಂಬಿವೆ. ಮೊಬೈಲಿನ ಪರದೆಯ ಮೇಲೆ ಮೊದಲು ಕಾಣುವುದು ಸಂದೇಶದ ಆರಂಭದ ಒಂದೆರಡು ಸಾಲು ಮಾತ್ರ. ಇಲ್ಲಿ ಅವು ‘ನಮಸ್ತೆ’ ಮತ್ತು ‘ಕ್ಷಮಿಸಿ’ಗೆ ಹೋದವು.

ಹೃದಯಾಘಾತದಲ್ಲಿ ಈ ತಡದ ಬೆಲೆ ದೊಡ್ಡದು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ ದಾರಿ ಮುಚ್ಚಿದರೆ, ಸುಮಾರು ಅರ್ಧ ಗಂಟೆಯಲ್ಲಿ ಅಲ್ಲಿನ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಹೆಪ್ಪು ಕರಗಿಸುವ ಔಷಧ ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟಾಗ ಹೆಚ್ಚು ಫಲ ಕೊಡುತ್ತದೆ, ಹೊತ್ತು ಕಳೆದಂತೆ ಅದರ ಫಲ ಇಳಿಯುತ್ತದೆ. ಪಾಳಿ ಮುಗಿಯುವ ಬೆಳಗಿನವರೆಗೆ ಕಾಯುವಷ್ಟು ಸಮಯ ಇಲ್ಲಿಲ್ಲ.

‘ಸ್ವಲ್ಪ’ದ ಎರಡು ಅರ್ಥ

ನಮ್ಮ ಮಾತಿನಲ್ಲಿ ‘ಸ್ವಲ್ಪ’ ಎಂಬ ಪದ ಎರಡು ಕೆಲಸ ಮಾಡುತ್ತದೆ. ‘ಸ್ವಲ್ಪ ಈ ಕಡೆ ಬನ್ನಿ’, ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವಾಗ ಅದು ಅಳತೆಯಲ್ಲ, ಬರೀ ಸೌಜನ್ಯ. ಕೇಳಿಕೆಯ ಮೊನಚನ್ನು ಅದು ತಗ್ಗಿಸುತ್ತದೆ. ಆದರೆ ‘ಸ್ವಲ್ಪ ಸಕ್ಕರೆ’, ‘ಸ್ವಲ್ಪ ನೋವು’ ಎನ್ನುವಾಗ ಅದೇ ಪದ ಪ್ರಮಾಣವನ್ನು ತಿಳಿಸುತ್ತದೆ. ಹೇಳುವವನು ಸೌಜನ್ಯಕ್ಕೆಂದು ‘ಸ್ವಲ್ಪ ಎದೆನೋವು’ ಎನ್ನುತ್ತಾನೆ. ಕೇಳುವವನು ಅದನ್ನು ಅಳತೆಯೆಂದು ತಿಳಿಯುತ್ತಾನೆ. ಹಾಗಾಗಿ ನಿಯಮ ಸುಲಭ: ಕೇಳಿಕೆಯಲ್ಲಿ ‘ಸ್ವಲ್ಪ’ ಇರಲಿ, ಲಕ್ಷಣ ಹೇಳುವಾಗ ಬೇಡ. ಅಲ್ಲಿ ಅದರ ಬದಲು ನಿಜವಾದ ಅಳತೆ ಕೊಡಿ. ಎಷ್ಟು ಹೊತ್ತಿನಿಂದ ಇದೆ, ಎಲ್ಲಿ ಇದೆ, ಅದರಿಂದ ಏನು ಮಾಡಲಾಗುತ್ತಿಲ್ಲ ಎಂದು ಹೇಳಿ. ‘ಸ್ವಲ್ಪ ಏದುಸಿರು’ ಎನ್ನುವುದಕ್ಕಿಂತ ‘ಒಂದು ಮಹಡಿ ಹತ್ತಿದರೆ ಮಧ್ಯೆ ನಿಲ್ಲಬೇಕಾಗುತ್ತದೆ’ ಎಂದರೆ ವೈದ್ಯರಿಗೆ ಕೂಡಲೇ ಚಿತ್ರ ಸಿಗುತ್ತದೆ.

‘ನೋವು ನಿಜವಾಗಿಯೂ ಸ್ವಲ್ಪವೇ ಇದ್ದರೆ?’ ಎಂದು ನೀವು ಕೇಳಬಹುದು. ಆಗ ಹಾಗೆಯೇ ಹೇಳಿ, ಆದರೆ ಜೊತೆಯ ಲಕ್ಷಣಗಳನ್ನು ಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಕೆಲವು ಹೆಂಗಸರಲ್ಲಿ ಹೃದಯಾಘಾತ ದೊಡ್ಡ ನೋವಿಲ್ಲದೆಯೂ ಬರುತ್ತದೆ. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು, ಇಷ್ಟೇ ಇರಬಹುದು.

ಅನುಮಾನ ಎಲ್ಲಿರಬೇಕು?

ಎಲ್ಲ ‘ಇರಬಹುದು’ಗಳನ್ನೂ ಕಿತ್ತುಹಾಕಿ ಎಂದು ಇಲ್ಲಿ ಹೇಳುತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದೂ ತಪ್ಪೇ. ಅನುಮಾನ ಸರಿಯಾದ ಜಾಗದಲ್ಲಿದೆಯೇ ಎಂಬುದು ಪ್ರಶ್ನೆ. ಮೇಲಿನ ಕೆಲಸಗಾರನಿಗೆ ನೋವು ಇದೆಯೋ ಇಲ್ಲವೋ ಎಂಬ ಅನುಮಾನವಿಲ್ಲ. ಅದರ ಕಾರಣ ಮಾತ್ರ ಅವನಿಗೆ ತಿಳಿಯದು. ಅವನು ಮಾಡಿದ್ದು ತಲೆಕೆಳಗು: ಖಚಿತವಾಗಿ ಗೊತ್ತಿರುವ ನೋವನ್ನು ‘ಒಂಥರಾ’ ಎಂದು ಮಸುಕು ಮಾಡಿದ, ಗೊತ್ತಿಲ್ಲದ ಕಾರಣಕ್ಕೆ ‘ಗ್ಯಾಸ್’ ಎಂಬ ಹೆಸರು ಕೊಟ್ಟ. ‘ಇರಬಹುದೇನೋ’ ಎಂದು ಸೇರಿಸಿದರೂ ಕೇಳುವವನ ಮನಸ್ಸಿನಲ್ಲಿ ಉಳಿಯುವುದು ಗ್ಯಾಸ್ ಒಂದೇ. ಆದ್ದರಿಂದ ಕಂಡದ್ದನ್ನು, ಅನುಭವಿಸಿದ್ದನ್ನು ನೇರವಾಗಿ ಹೇಳಿ. ಕಾರಣದ ಬಗ್ಗೆ ‘ಏನೆಂದು ಗೊತ್ತಿಲ್ಲ’ ಎಂಬ ಒಂದೇ ಮಾತು ಸಾಕು.

ಇಂಥ ಮಾತಿನ ಫಲವನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಿರುವುದು ವಿಮಾನಯಾನ ಕ್ಷೇತ್ರದಲ್ಲಿ. ಅಪಘಾತವಾದ ವಿಮಾನಗಳಲ್ಲಿ ಚಾಲಕರು ಆಡಿದ ಮಾತಿನ ದಾಖಲೆ ಉಳಿದಿರುತ್ತದೆ. 1988ರಲ್ಲಿ ಶಾರ್ಲೆಟ್ ಲಿಂಡೆ ಎಂಬ ಭಾಷಾತಜ್ಞೆ ಇಂಥ ದಾಖಲೆಗಳನ್ನು ಅಭ್ಯಾಸ ಮಾಡಿ, ಕಿರಿಯರು ಮೆತ್ತಗೆ ಮಾಡಿ ಹೇಳಿದ ಸಲಹೆಗಳು ಹಿರಿಯರ ಗಮನಕ್ಕೆ ಬಾರದೆ ಹೋಗುವುದು ಹೆಚ್ಚು ಎಂದು ತೋರಿಸಿದರು. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ಸಂಸ್ಥೆಯ ವಿಮಾನವೊಂದು ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಆಕಾಶದಲ್ಲೇ ಒಟ್ಟು ಒಂದು ಗಂಟೆಗೂ ಹೆಚ್ಚು ಕಾದು, ಇಂಧನ ಮುಗಿದು ಬಿತ್ತು. 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಹಚಾಲಕ ತಿಳಿಸಿದ್ದ, ಆದರೆ ಬೇರೆ ಸಾಮಾನ್ಯ ಮಾತಿನ ನಡುವೆ. ‘ತುರ್ತು’ ಎಂಬ ಪದವನ್ನು ಬಳಸಲಿಲ್ಲ. ಇನ್ನಷ್ಟು ಸುತ್ತಿ ಬರುವಷ್ಟು ಇಂಧನವಿದೆಯೇ ಎಂದು ಕೆಳಗಿನಿಂದ ಕೇಳಿದಾಗ, ಪರವಾಗಿಲ್ಲ ಅನ್ನಿಸುತ್ತದೆ ಎಂಬ ಅರ್ಥದ ಉತ್ತರ ಕೊಟ್ಟು ಧನ್ಯವಾದವನ್ನೂ ಹೇಳಿದ. ಕೆಟ್ಟ ಹವೆ, ಪರಭಾಷೆಯ ತೊಡಕು ಮುಂತಾದ ಕಾರಣಗಳೂ ಇದ್ದವು. ಆದರೂ ‘ಪರವಾಗಿಲ್ಲ ಅನ್ನಿಸುತ್ತದೆ’ ಎಂಬ ಮಾತು ನಮಗೆ ಎಷ್ಟು ಪರಿಚಿತ!

ಕತ್ತರಿಸುವ ಕ್ರಮ

ಈಗ ಆ ಸಂದೇಶವನ್ನೇ ತಿದ್ದೋಣ. ಮೊದಲು ಕ್ಷಮೆಯ ಮಾತುಗಳಿಗೆ ಗೆರೆ ಎಳೆಯಿರಿ. ನೀವು ನಿಜವಾಗಿ ತಪ್ಪು ಮಾಡಿದ್ದರೆ ಒಂದು ಕ್ಷಮೆ ಇರಲಿ. ಕಾಯಿಲೆ ಬೀಳುವುದು ತಪ್ಪಲ್ಲ, ಆದ್ದರಿಂದ ಇಲ್ಲಿ ಒಂದೂ ಬೇಡ. ಎರಡನೆಯದಾಗಿ, ‘ದೊಡ್ಡ ವಿಷಯ ಏನಲ್ಲ’, ‘ಆಗದಿದ್ರೂ ಪರವಾಗಿಲ್ಲ’ ಎಂಬಂಥ, ನಿಮ್ಮ ಮಾತನ್ನು ನೀವೇ ರದ್ದು ಮಾಡುವ ವಾಕ್ಯಗಳನ್ನು ತೆಗೆಯಿರಿ. ಮೂರನೆಯದಾಗಿ, ‘ಸ್ವಲ್ಪ’, ‘ಒಂಥರಾ’ ಇದ್ದ ಕಡೆ ಸಮಯ ಮತ್ತು ಜಾಗವನ್ನು ಬರೆಯಿರಿ. ಕೊನೆಗೆ, ‘ಆಗುತ್ತಾ?’ ಎಂಬ ಪ್ರಶ್ನೆಯ ಬದಲು ಏನು ಬೇಕೋ ಅದನ್ನು ಹೇಳಿ. ಆಗ ಉಳಿಯುವುದು ಇಷ್ಟು:

‘ಸಾರ್, 1.15ರಿಂದ ಎದೆ ನಡುವೆ ಬಿಗಿದ ಹಾಗೆ ನೋವು. ಎಡತೋಳಿಗೂ ಬಂದಿದೆ. ತುಂಬ ಬೆವರ್ತಾ ಇದೆ. 20 ನಿಮಿಷ ಆಯ್ತು, ಕಮ್ಮಿ ಆಗಿಲ್ಲ. ಏನು ಅಂತ ಗೊತ್ತಿಲ್ಲ. ಈಗಲೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿ, ಒಬ್ಬರನ್ನ ನನ್ನ ಹತ್ರ ಕಳಿಸಿ.’

ಇದರಲ್ಲಿ ಒರಟುತನವೇನಾದರೂ ಇದೆಯೇ? ‘ಮಾಡಿ’, ‘ಕಳಿಸಿ’ ಎಂಬ ಬಹುವಚನದಲ್ಲೇ ಮರ್ಯಾದೆ ಅಡಗಿದೆ. ‘ಸಾರ್’ ಎಂಬ ಸಂಬೋಧನೆಯೂ ಇದೆ. ಕನ್ನಡದ ಕ್ರಿಯಾಪದವೇ ಗೌರವವನ್ನು ಹೊತ್ತಿರುವಾಗ ಅದರ ಮೇಲೆ ನಾಲ್ಕು ಕ್ಷಮೆ ಹೇರುವ ಅಗತ್ಯವಿಲ್ಲ. ಇಂಗ್ಲಿಷಿನಲ್ಲಿ ಪತ್ರ ಬರೆಯುವ ಕಚೇರಿಯವರು ‘ಸಾರಿ’ಯ ಬದಲು ಕೊನೆಯಲ್ಲಿ ಒಂದು ‘ಥ್ಯಾಂಕ್ಸ್’ ಹಾಕಿದರೆ ಸಾಕು.

ಇಂಥ ಹೊತ್ತಿನಲ್ಲಿ ಬರೆದು ಕೂರುವುದಕ್ಕಿಂತ ಕೂಗುವುದು, ಫೋನ್ ಮಾಡುವುದು ಮೇಲು. ಯಂತ್ರ ನಿಲ್ಲಿಸಿ ಪಕ್ಕದವರಿಗೆ ಹೇಳಿ. ಹತ್ತು ನಿಮಿಷ ಕಳೆದರೂ ಎದೆನೋವು ಇಳಿಯದಿದ್ದರೆ, ಅಥವಾ ಜೊತೆಗೆ ಬೆವರು, ಏದುಸಿರು ಇದ್ದರೆ ಅಷ್ಟೂ ಕಾಯದೆ, ಯಾರ ಅನುಮತಿಗೂ ನಿಲ್ಲದೆ 108ಕ್ಕೆ ಕರೆ ಮಾಡಿ. ನೀವೇ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಆಸ್ಪತ್ರೆಯ ಬಾಗಿಲಲ್ಲೂ ಅದೇ ನಾಲ್ಕು ಸಾಲು ಹೇಳಿ. ‘ಎದೆನೋವು’ ಎಂಬ ಪದ ಮೊದಲು ಬರಲಿ. ಆಗ ಇಸಿಜಿ ಬೇಗ ಆಗುತ್ತದೆ.

ಕೇಳುವವರಿಗೂ ಒಂದು ಮಾತು

ಮಾತು ಎಷ್ಟು ನೇರವಾಗಿದ್ದರೂ ಕೇಳುವವರು ಗದರಿದರೆ ಫಲವಿಲ್ಲ. ಒಮ್ಮೆ ಗದರಿಸಿಕೊಂಡವನು ಮುಂದಿನ ಸಲ ಮತ್ತೆ ‘ಏನಿಲ್ಲ ಸಾರ್’ ಎಂದೇ ಶುರು ಮಾಡುತ್ತಾನೆ. ಮೇಲ್ವಿಚಾರಕರು, ಮನೆಯ ಹಿರಿಯರು ‘ಸ್ವಲ್ಪ’ ಎಂಬ ಪದ ಕಿವಿಗೆ ಬಿದ್ದೊಡನೆ ಮೂರು ಪ್ರಶ್ನೆ ಕೇಳಬೇಕು: ಯಾವಾಗಿನಿಂದ? ಎಲ್ಲಿ? ಜೊತೆಗೆ ಇನ್ನೇನು ಆಗುತ್ತಿದೆ? ಪಾಳಿ ಶುರುವಾಗುವ ಮುನ್ನ ಸುರಕ್ಷತೆಯ ಮಾತಾಡುವ ಪದ್ಧತಿ ಇರುವ ಕಾರ್ಖಾನೆಗಳಲ್ಲಿ ಈ ಮೂರು ಪ್ರಶ್ನೆಗಳನ್ನು ಗೋಡೆಯ ಮೇಲೆ, 108ರ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಬಹುದು.