ಬಿಡುವ ಕಾರಣ ಕೇಳಿದಾಗ

ಪ್ರೀತಿಯ ಪುಟ್ಟಿ,

ಗುರುವಾರ ಹೈರಿಂಗ್ ಮ್ಯಾನೇಜರ್ ರೌಂಡ್ ಇದೆ ಎಂದು ನಿನ್ನಪ್ಪ ಹೇಳಿದ. ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದರೆ ಏನು ಹೇಳಬೇಕೆಂದು ನೀನು ಬರೆದು ಕಳಿಸಿದ್ದನ್ನೂ ಓದಿದೆ. ಬೆಂಗಳೂರಿನಲ್ಲಿ ಬಹಳ ವರ್ಷ ಮೇಜಿನ ಆ ಬದಿಯಲ್ಲಿ ಕೂತು ಈ ಪ್ರಶ್ನೆ ಕೇಳಿದವನು ನಾನು. ಅಲ್ಲಿ ಕೂತವರ ಕಿವಿಗೆ ನಿನ್ನ ಉತ್ತರ ಹೇಗೆ ಬೀಳುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ.

ನೀನು ಬರೆದದ್ದು ಇಷ್ಟು: ಡೆವಲಪ್‌ಮೆಂಟ್ ಕೊಡುತ್ತೇವೆಂದು ಮಾತು ಕೊಟ್ಟು ಒಂದೂವರೆ ವರ್ಷದಿಂದ ಸಪೋರ್ಟ್‌ನಲ್ಲೇ ಕೂರಿಸಿದ್ದಾರೆ, ಮ್ಯಾನೇಜರ್ ತಮಗೆ ಬೇಕಾದವರಿಗೆ ಒಳ್ಳೆ ಕೆಲಸ ಕೊಡುತ್ತಾರೆ, ಇಲ್ಲಿ ಕಲಿಯೋದಕ್ಕೆ ಏನೂ ಇಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ನಂಬುತ್ತೇನೆ. ಆದರೆ ಕೇಳುವವರಿಗೆ ನಿನ್ನ ಮ್ಯಾನೇಜರ್ ಗೊತ್ತಿಲ್ಲ, ಅವರನ್ನು ಕರೆದು ವಿಚಾರಿಸುವಂತೆಯೂ ಇಲ್ಲ. ಒಂದು ಕಡೆಯ ಮಾತು ಮಾತ್ರ ಕೈಗೆ ಬಂದಾಗ ಅವರು ಅದನ್ನು ತೂಗಲು ಹೊರಡುತ್ತಾರೆ: ನಿಜವಾಗಿ ಏನಾಯಿತು, ಮ್ಯಾನೇಜರ್ ಏನಂದರು, ನೀವೇನಂದಿರಿ? ನಲವತ್ತೈದು ನಿಮಿಷದ ಮಾತುಕತೆಯಲ್ಲಿ ಹತ್ತು ನಿಮಿಷ ಆ ಜಗಳಕ್ಕೇ ಹೋಗುತ್ತದೆ. ನಿನ್ನ ಕೋಡ್ ಬಗ್ಗೆ ಕೇಳಬೇಕಾದ ಹೊತ್ತು ಅದು.

ಇನ್ನೂ ಹೆಚ್ಚು ಪೆಟ್ಟು ಕೊಡುವುದು ‘ಕಲಿಯೋದಕ್ಕೆ ಏನೂ ಇಲ್ಲ’ ಎಂಬ ಕೊನೆಯ ಮಾತು. ಅದರಲ್ಲಿ ಯಾರ ಹೆಸರೂ ಇಲ್ಲದ್ದರಿಂದ ದೂರಿನ ಹಾಗೆ ಕಾಣುವುದಿಲ್ಲ. ಆದರೆ ನಾಲ್ಕು ವರ್ಷದ ಅನುಭವ ಎಂದು ರೆಸ್ಯೂಮೆಯಲ್ಲಿ ಬರೆದು, ಅದರಲ್ಲಿ ಒಂದೂವರೆ ವರ್ಷ ಏನೂ ಕಲಿಯಲಿಲ್ಲ ಎಂದು ನೀನೇ ಒಪ್ಪಿಕೊಂಡ ಹಾಗಾಯಿತಲ್ಲ! ಕಂಪನಿಯನ್ನು ಕೆಳಗಿಳಿಸಲು ಹೋದರೆ ಬೆಲೆ ಇಳಿಯುವುದು ನಿನ್ನ ಅನುಭವದ್ದೇ.

ಹಾಗಂತ ‘ಬೆಟರ್ ಆಪರ್ಚುನಿಟಿ’ ಎಂದು ತೇಲಿಸಿಬಿಡಬೇಡ. ಎಲ್ಲರೂ ಹೇಳುವ ಆ ಮಾತಿನಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ನಿನ್ನ ಸಿಟ್ಟಿನ ಅಡಿಯಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಒಂದು ಸಂಗತಿ ಇದ್ದೇ ಇರುತ್ತದೆ. ಅದನ್ನು ಹುಡುಕಿ ಹೊರತೆಗೆಯಬೇಕು. ಫೋನಿನಲ್ಲಿ ನಿನ್ನನ್ನು ಕೆದಕಿದಾಗ ನನಗೆ ಅದು ಸಿಕ್ಕಿತು. ತಿಂಗಳ ಕೊನೆಯಲ್ಲಿ ಸರ್ವರ್ ಮೇಲೆ ಒತ್ತಡ ಬಿದ್ದು ಟೈಮ್‌ಔಟ್ ಆಗುತ್ತದೆ. ಕಳಿಸಿದ ಸಿಸ್ಟಮ್ ಅದೇ ಪಾವತಿಯನ್ನು ಮತ್ತೆ ಕಳಿಸುತ್ತದೆ, ಒಂದೇ ವ್ಯವಹಾರ ಎರಡು ಸಲ ದಾಖಲಾಗುತ್ತದೆ. ನೀವು ಲಾಗ್ ನೋಡಿ, ಸ್ಕ್ರಿಪ್ಟ್ ಓಡಿಸಿ, ಎರಡನೆಯ ದಾಖಲೆ ತೆಗೆದು ಟಿಕೆಟ್ ಮುಚ್ಚುತ್ತೀರಿ. ಮುಂದಿನ ತಿಂಗಳು ಅದೇ ಟಿಕೆಟ್. ಪ್ರತಿ ಪಾವತಿಗೂ ಒಂದು ವಿಶಿಷ್ಟ ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದರೆ ಹೊಸ ದಾಖಲೆ ಮಾಡದಂತೆ ತಡೆದರೆ ಬೇರಿನಲ್ಲೇ ಸರಿಹೋಗುತ್ತದೆಂದು ನಿನಗೆ ಗೊತ್ತು. ಆದರೆ ಆ ಕೋಡ್ ಇನ್ನೊಂದು ತಂಡದ್ದು. ನಿನಗೆ ಬೇಸರ ತಂದಿರುವ ನಿಜವಾದ ಕಾರಣ ಇದೇ ತಾಯಿ. ಮ್ಯಾನೇಜರ್ ನಾಳೆಯೇ ಬದಲಾದರೂ ಅದು ಹಾಗೇ ಇರುತ್ತದೆ.

ಹಾಗಾಗಿ ಉತ್ತರ ಹೀಗಿರಲಿ. ಅಲ್ಲಿ ಇಂಗ್ಲಿಷಿನಲ್ಲೇ ಹೇಳುತ್ತೀಯ, ಸಾರ ಮಾತ್ರ ನೋಡು:

“ನಾಲ್ಕು ವರ್ಷದಿಂದ ಒಂದು ಬ್ಯಾಂಕಿನ ಪಾವತಿ ಅಪ್ಲಿಕೇಶನ್‌ನಲ್ಲಿ ಇದ್ದೇನೆ. ಮೊದಲ ಎರಡೂವರೆ ವರ್ಷ ಡೆವಲಪ್‌ಮೆಂಟ್ ಮಾಡಿದೆ. ಈಗ ಒಂದೂವರೆ ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ. ಒತ್ತಡದಲ್ಲಿ ಸಿಸ್ಟಮ್ ಎಲ್ಲಿ ಮುರಿಯುತ್ತದೆ, ಅದನ್ನು ಪತ್ತೆ ಮಾಡುವುದು ಹೇಗೆ ಎಂದು ಇಲ್ಲೇ ಕಲಿತೆ. ಪದೇ ಪದೇ ಬರುವ ತೊಂದರೆಗಳನ್ನು ಕೋಡ್‌ನಲ್ಲೇ ಸರಿಪಡಿಸಬೇಕೆಂದು ಆಸೆ. ನಮ್ಮಲ್ಲಿ ಆ ಕೆಲಸ ಬೇರೆ ತಂಡದ್ದು. ನಿಮ್ಮಲ್ಲಿ ಕೋಡ್ ಬರೆದ ತಂಡವೇ ಅದನ್ನು ಪ್ರೊಡಕ್ಷನ್‌ನಲ್ಲೂ ನೋಡಿಕೊಳ್ಳುತ್ತದೆ ಎಂದು ಓದಿದೆ. ಅದಕ್ಕೇ ಅರ್ಜಿ ಹಾಕಿದೆ.”

ಇಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ, ನಿನ್ನ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರೂ ಅಲ್ಲಗಳೆಯುವ ಮಾತೂ ಇಲ್ಲ. ಮುಂದಿನ ಪ್ರಶ್ನೆ ಬಹುಶಃ ‘ಯಾವ ತೊಂದರೆ ಪದೇ ಪದೇ ಬರುತ್ತಿತ್ತು’ ಎಂದೇ ಇರುತ್ತದೆ, ಅಲ್ಲಿಂದಾಚೆ ನೀನು ಚೆನ್ನಾಗಿ ಬಲ್ಲ ವಿಷಯವೇ. ಬ್ಯಾಂಕಿನ ಹೆಸರು ಮಾತ್ರ ಬಾಯಿಂದ ಬರಬಾರದು. ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೀಯ. ಕ್ಲೈಂಟ್ ಹೆಸರು ಹೇಳಿ ಅವರ ಸಿಸ್ಟಮ್ಮಿನ ದೋಷ ಬಿಡಿಸಿಟ್ಟರೆ, ನಾಳೆ ನಮ್ಮದನ್ನೂ ಹೀಗೇ ಹೇಳಿಯಾಳು ಎಂದು ಎದುರಿನವರಿಗೆ ಅನಿಸುತ್ತದೆ.

ಅನುಭವವಿರುವ ಮ್ಯಾನೇಜರ್ ಇಷ್ಟಕ್ಕೇ ಬಿಡುವುದಿಲ್ಲ. ‘ನಿಮ್ಮ ಕಂಪನಿಯೊಳಗೇ ಆ ಕೆಲಸ ಕೇಳಲಿಲ್ಲವೇ?’ ಎಂದು ಕೇಳುತ್ತಾರೆ. ಮೊದಲ ಉತ್ತರವನ್ನು ಬಾಯಿಪಾಠ ಮಾಡಿ ಬಂದವರು ಜಾರುವುದು ಇಲ್ಲಿ, ಅದುಮಿಟ್ಟಿದ್ದ ಸಿಟ್ಟೆಲ್ಲ ಹೊರಬರುವುದೂ ಇಲ್ಲೇ. ನೀನು ಮ್ಯಾನೇಜರ್ ಹತ್ತಿರ ಕೇಳಿದ್ದೀಯ, ಒಳಗಿನ ಹುದ್ದೆಗೂ ಅರ್ಜಿ ಹಾಕಿದ್ದೀಯ, ಪ್ರಾಜೆಕ್ಟ್‌ನಿಂದ ರಿಲೀಸ್ ಸಿಗಲಿಲ್ಲ. ಇದನ್ನು ಹೇಳುವಾಗ ಅವರ ಕಡೆಯ ಕಾರಣವನ್ನೂ ಜೊತೆಗೇ ಹೇಳು: “ಕೇಳಿದ್ದೆ, ಒಳಗೆ ಅರ್ಜಿಯನ್ನೂ ಹಾಕಿದ್ದೆ. ಸಪೋರ್ಟ್‌ನಲ್ಲಿ ಈ ಅಪ್ಲಿಕೇಶನ್ ಬಲ್ಲವರು ಕಡಿಮೆ ಇದ್ದದ್ದರಿಂದ ರಿಲೀಸ್ ಆಗಲಿಲ್ಲ.” ಇಷ್ಟು ಹೇಳಿ ಸುಮ್ಮನಾಗು. ಎದುರಿನವರೂ ಒಬ್ಬ ಮ್ಯಾನೇಜರ್, ಅಂಥ ನಿರ್ಧಾರ ಅವರೂ ಮಾಡಿರುತ್ತಾರೆ.

ಆಮೇಲೆ ಕೌಂಟರ್ ಆಫರ್ ಮಾತು. ನಿನಗೆ 90 ದಿನದ ನೋಟಿಸ್ ಪೀರಿಯಡ್. ಮೂರು ತಿಂಗಳು ಕಾದು, ಸೇರುವ ದಿನ ಬರುವುದಿಲ್ಲವೆಂದು ಮೇಲ್ ಬಂದರೆ ಅವರು ಹುಡುಕಾಟವನ್ನು ಮೊದಲಿನಿಂದ ಶುರು ಮಾಡಬೇಕು. ಆ ಭಯಕ್ಕೇ ‘ಸಂಬಳ ಹೆಚ್ಚಿಸಿದರೆ ಉಳಿಯುತ್ತೀರಾ’ ಎಂದು ಕೇಳುತ್ತಾರೆ. ಕೆಲಸದ ಸ್ವರೂಪವೇ ಕಾರಣ ಎಂದು ಮೊದಲೇ ಹೇಳಿದ್ದರೆ, ಸಂಬಳ ಹೆಚ್ಚಿದರೂ ಅದು ಬದಲಾಗುವುದಿಲ್ಲ ಎಂದರೆ ಸಾಕು. ನಿನ್ನ ವಿಷಯದಲ್ಲಿ ಸಂಬಳವೂ ಒಂದು ಕಾರಣ, ಗೊತ್ತು. ಅದನ್ನು ಎಚ್‌ಆರ್ ಹತ್ತಿರ ನೇರವಾಗಿ ಮಾತಾಡು, ನಾಚಿಕೆ ಬೇಡ. ನಿನಗೆಷ್ಟು ಬೇಕು ಎಂಬುದನ್ನು ಹೇಳು, ಈಗಿನ ಕಂಪನಿಯಲ್ಲಿ ಎಷ್ಟು ಕಡಿಮೆ ಕೊಟ್ಟರು ಎಂಬ ಕಥೆ ಬೇಡ. ಆದರೆ ಬಿಡುವ ಕಾರಣ ಎಚ್‌ಆರ್‌ಗೆ ಒಂದು, ಮ್ಯಾನೇಜರ್‌ಗೆ ಇನ್ನೊಂದು ಎಂದಾಗಬಾರದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ.

ಫೋನಿನಲ್ಲಿ ನೀನು ಹೇಳಿದ ಗೆಳತಿಯದು ಬೇರೆ ಸಂಗತಿ. ಲೇಆಫ್ ಆಗಿದ್ದರೆ ಲೇಆಫ್ ಎಂದೇ ಹೇಳಲಿ, ಮರೆಮಾಚಬಾರದು. ಕೆಲಸ ಬಿಟ್ಟ ತಾರೀಕು ಪಿಎಫ್ ದಾಖಲೆಯಲ್ಲಿ ಇರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅದನ್ನು ನೋಡುವವರಿದ್ದಾರೆ. ಸಂಬಳ ತಿಂಗಳುಗಟ್ಟಲೆ ನಿಂತಿದ್ದರೆ ಅದನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು. ಅದು ನಡೆದ ಸಂಗತಿ, ನಿಂದೆಯಲ್ಲ. ಕಿರುಕುಳದಂಥದ್ದು ಆಗಿದ್ದರೆ ಅದನ್ನು ಸಂದರ್ಶನದಲ್ಲಿ ಬಿಚ್ಚಿಡಬೇಕಾದ ಅಗತ್ಯ ಯಾರಿಗೂ ಇಲ್ಲ. ದೂರು ಕೊಡುವ ಜಾಗ ಬೇರೆ ಇದೆ. ಇಲ್ಲಿ ನಿಜವಾದ ಇನ್ನೊಂದು ಕಾರಣ ಹೇಳಿದರೆ ತಪ್ಪೇನಿಲ್ಲ.

ಇವತ್ತು ರಾತ್ರಿ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ಒಂದು ನಿಮಿಷದೊಳಗೆ ಮುಗಿಯಬೇಕು. ಎಷ್ಟು ವಾಕ್ಯ ‘ನಾನು’ ಎಂದು ಹೊರಟಿವೆ, ಎಷ್ಟು ‘ಅವರು’ ಎಂದು ಹೊರಟಿವೆ ಎಂದು ಎಣಿಸು. ‘ಅವರು’ ಎರಡಕ್ಕಿಂತ ಹೆಚ್ಚಿದ್ದರೆ ಸಿಟ್ಟು ಇನ್ನೂ ಒಳಗಿದೆ, ಮತ್ತೆ ಬರೆ. ಹೇಳಿ ಮುಗಿಸಿದ ಮೇಲೆ ಎದುರಿನವರು ಸುಮ್ಮನೆ ಕೂತರೆ ಆ ಮೌನ ತುಂಬಲು ಹೋಗಬೇಡ. ಅವರು ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾರೆ, ಅಷ್ಟೆ.

ಕೆಲವರು ನೇರವಾಗಿ ‘ನಿಮ್ಮ ಮ್ಯಾನೇಜರ್‌ನಲ್ಲಿ ಏನು ಹಿಡಿಸಲಿಲ್ಲ’ ಎಂದೂ ಕೇಳುತ್ತಾರೆ. ಆಗ ನಿನಗೆ ಹೇಗೆ ಕೆಲಸ ಮಾಡಿದರೆ ಅನುಕೂಲ ಎಂಬುದನ್ನು ಹೇಳು: “ಪ್ರತಿ ಮೂರು ತಿಂಗಳಿಗೊಮ್ಮೆ ಮುಂದೆ ಯಾವ ಕೆಲಸ ಬರುತ್ತದೆ ಎಂದು ಕೂತು ಮಾತಾಡುವ ಪದ್ಧತಿ ಇದ್ದರೆ ನನಗೆ ಒಳ್ಳೆಯದು. ನಿಮ್ಮ ತಂಡದಲ್ಲಿ ಅದು ಹೇಗೆ ನಡೆಯುತ್ತದೆ?” ಅವರು ಕೊಡುವ ಉತ್ತರವನ್ನು ಗಮನವಿಟ್ಟು ಕೇಳು, ನೀನು ಅಲ್ಲಿಗೆ ಸೇರಬೇಕೋ ಬೇಡವೋ ಎಂಬುದಕ್ಕೂ ಅದು ಬೇಕು. ರೌಂಡ್ ಮುಗಿದ ಮೇಲೆ ಫೋನ್ ಮಾಡು.

ಇಂತು,
ನಿನ್ನ ದೊಡ್ಡಪ್ಪ